ಪತ್ರಕ್ಕೆ ಐದು ಅಂಕ: ಹಂಚುವುದು ಹೇಗೆ?

ಕನ್ನಡ ಪರೀಕ್ಷೆಯಲ್ಲಿ ವ್ಯವಹಾರ ಪತ್ರವೊಂದು ಇದ್ದೇ ಇರುತ್ತದೆ. ಅದಕ್ಕೆ ಐದು ಅಂಕ ಎಂದಿಟ್ಟುಕೊಳ್ಳೋಣ. ನಮ್ಮ ಕಾರ್ಯಕ್ರಮಕ್ಕಾಗಿ ನಾವು ಮಾಡಿಕೊಂಡ ಹಂಚಿಕೆ ಇದು: ನಮೂನೆಗೆ ಎರಡು, ವಿಷಯಕ್ಕೆ ಎರಡು, ಧಾಟಿಗೆ ಒಂದು. ನಿಮ್ಮ ಮಂಡಳಿಯ ಹಂಚಿಕೆ ಬೇರೆ ಇರಬಹುದು, ಲೆಕ್ಕಾಚಾರದ ಕ್ರಮ ಮಾತ್ರ ಇದೇ.

ನಮೂನೆಯ ಎರಡು ಅಂಕವನ್ನು ನಾಲ್ಕು ಅರ್ಧಗಳಾಗಿ ಒಡೆಯಿರಿ. ಇಂದ–ಗೆ ವಿಳಾಸಗಳು, ಸ್ಥಳ ಮತ್ತು ದಿನಾಂಕ, ಸಂಬೋಧನೆ ಮತ್ತು ವಿಷಯದ ಸಾಲು, ಮುಕ್ತಾಯ ಮತ್ತು ಸಹಿ. ವಿಷಯಕ್ಕೂ ನಾಲ್ಕು ಅರ್ಧ: ತೊಂದರೆ ಏನು, ಎಲ್ಲಿ, ಎಂದಿನಿಂದ, ಏನಾಗಬೇಕು.

ಈಗ ಒಂದು ಪತ್ರ ನೋಡೋಣ. ನಿಮ್ಮನ್ನು ಕುಸುಮಾ ಎಂದು ಭಾವಿಸಿ, ಬೀದಿದೀಪ ಸರಿಪಡಿಸುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಬರೆಯಬೇಕು. (ಉತ್ತರ ಪತ್ರಿಕೆ ಯಾರದೆಂದು ಮೌಲ್ಯಮಾಪಕರಿಗೆ ತಿಳಿಯಬಾರದೆಂದೇ ಈ ಕಲ್ಪಿತ ಹೆಸರು. ಸ್ವಂತ ಹೆಸರು ಬರೆಯಬೇಡಿ.) ಒಬ್ಬ ವಿದ್ಯಾರ್ಥಿನಿಯ ಒಡಲು ಇಷ್ಟು: “ನಮ್ಮ ಊರಲ್ಲಿ ಬೀದಿದೀಪ ಉರಿಯುತ್ತಿಲ್ಲ. ನೀವು ಏನು ಮಾಡುತ್ತಿದ್ದೀರಿ? ಕೂಡಲೇ ಹೊಸ ಬಲ್ಬ್ ಹಾಕಿಸಿ.” ಕೊನೆಯಲ್ಲಿ “ಇಂತಿ ನಿಮ್ಮ ಪ್ರೀತಿಯ ಕುಸುಮಾ.” ಸ್ಥಳ, ದಿನಾಂಕ ಇಲ್ಲ. ಉಳಿದ ಭಾಗಗಳಿವೆ.

ನಮೂನೆಗೆ ಒಂದೂವರೆ. ತೊಂದರೆ ಮತ್ತು ಬೇಡಿಕೆ ಇವೆ, ಯಾವ ಬೀದಿ, ಎಷ್ಟು ದಿನದಿಂದ ಎಂಬುದಿಲ್ಲ. ಆದ್ದರಿಂದ ವಿಷಯಕ್ಕೆ ಒಂದು. ಗದರಿಕೆಯ ಪ್ರಶ್ನೆ ಮತ್ತು “ಪ್ರೀತಿಯ” ಎಂಬ ಮಾತಿನಿಂದ ಧಾಟಿಗೆ ಸೊನ್ನೆ. ಒಟ್ಟು ಎರಡೂವರೆ. “ಪ್ರೀತಿಯ” ಎಂಬುದಕ್ಕೆ ನಮೂನೆಯಲ್ಲೂ ಕಳೆಯಬೇಕೇ? ಬೇಡ. ಮುಕ್ತಾಯದ ಸಾಲು ತನ್ನ ಜಾಗದಲ್ಲಿದೆ, ಕೆಟ್ಟದ್ದು ಮಾತಿನ ಆಯ್ಕೆ. ಒಂದು ತಪ್ಪಿಗೆ ಎರಡು ಕಡೆ ದಂಡ ಹಾಕಿದರೆ ಹಂಚಿಕೆಗೆ ಅರ್ಥವೇ ಇಲ್ಲ.

ಇನ್ನೊಬ್ಬನ ಪತ್ರದಲ್ಲಿ ನಮೂನೆ ಪೂರ್ಣವಾಗಿದೆ. ಒಡಲು: “ಮೇಲ್ಕಂಡ ವಿಷಯದ ಬಗ್ಗೆ ತಮ್ಮ ಗಮನ ಸೆಳೆಯುತ್ತಾ, ಸೂಕ್ತ ಕ್ರಮ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.” ವಿಷಯದ ಸಾಲಿನಲ್ಲಿರುವುದು “ದೂರು” ಎಂಬ ಒಂದೇ ಪದ. ನಮೂನೆಗೆ ಎರಡು, ಧಾಟಿಗೆ ಒಂದು, ವಿಷಯಕ್ಕೆ ಸೊನ್ನೆ. ಒಟ್ಟು ಮೂರು! ಏನೂ ಹೇಳದ ಪತ್ರವೇ ಮೇಲಾಯಿತು.

ಇದು ಬರೀ ಕೂಡುವ ಲೆಕ್ಕದ ದೋಷ. ಅದಕ್ಕೊಂದು ಷರತ್ತು ಬೇಕು: ವಿಷಯದಲ್ಲಿ ಕನಿಷ್ಠ ಒಂದು ಅಂಕ ಬಾರದಿದ್ದರೆ ಧಾಟಿಯ ಅಂಕವಿಲ್ಲ. ಆಗ ಇವನಿಗೆ ಎರಡು, ಅವಳಿಗೆ ಎರಡೂವರೆ. ಷರತ್ತನ್ನು ತಿದ್ದುವ ಮೊದಲೇ ಬರೆದಿಡಬೇಕು. ಅರ್ಧ ಕಟ್ಟು ಮುಗಿದ ಮೇಲೆ ಸೇರಿಸಿದರೆ ಮೊದಲಿನ ಪತ್ರಿಕೆಗಳಿಗೆ ಅನ್ಯಾಯ.

ಆ ವಿದ್ಯಾರ್ಥಿನಿ ಸ್ಥಳ, ದಿನಾಂಕ ಹಾಕಿ, “ತಮ್ಮ ವಿಶ್ವಾಸಿ” ಎಂದು ಮುಗಿಸಿ, ಒಡಲನ್ನು ಹೀಗೆ ಬದಲಿಸಿದ್ದರೆ ಐದಕ್ಕೆ ಐದು: “ನಮ್ಮ ಶಾಲೆಯ ಹಿಂದಿನ ಬೀದಿಯ ಮೂರು ದೀಪಗಳು ಎರಡು ವಾರದಿಂದ ಉರಿಯುತ್ತಿಲ್ಲ. ದಯವಿಟ್ಟು ಅವನ್ನು ಸರಿಪಡಿಸಿಕೊಡಬೇಕೆಂದು ಕೋರುತ್ತೇನೆ.”