ಪ್ರೊಫೆಸರರಿಗೆ ಬರೆಯುವ ಮೊದಲ ಇ-ಮೇಲ್



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಮನೆಗೆ ಬಂದಿದ್ದಳು. ಕೆನಡಾದಲ್ಲಿ ಸಂಶೋಧನೆ ಮಾಡುವ ಆಸೆ. "ಸರ್, ನಲವತ್ತು ಪ್ರೊಫೆಸರರಿಗೆ ಬರೆದೆ, ಒಬ್ಬರೂ ಉತ್ತರ ಕೊಡಲಿಲ್ಲ" ಎಂದಳು. ಪತ್ರ ತೋರಿಸು ಅಂದೆ. ಎಲ್ಲರಿಗೂ ಒಂದೇ ಪತ್ರ. ಮಹಿಳಾ ಪ್ರೊಫೆಸರರಿಗೂ "ರೆಸ್ಪೆಕ್ಟೆಡ್ ಸರ್". ಅಂಕಗಳು, ಮನೆಯ ಕಷ್ಟ, ಕೊನೆಗೆ "ದಯವಿಟ್ಟು ಸ್ಕಾಲರ್‌ಶಿಪ್ ಕೊಡಿಸಿ".

ನಮ್ಮ ಟ್ರಸ್ಟಿಗೆ ಅರ್ಜಿ ಬರೆದು ರೂಢಿಯಾದ ಮಕ್ಕಳು ಹೀಗೆಯೇ ಬರೆಯುತ್ತಾರೆ, ಅದು ಅವರ ತಪ್ಪಲ್ಲ. ಆದರೆ ಅಲ್ಲಿನ ಹಣ ಬೇರೆ ಬಗೆಯದು. ಕೆನಡಾದ ವಿಜ್ಞಾನ ವಿಭಾಗಗಳಲ್ಲಿ ಸಂಶೋಧನಾ ಪದವಿಗೆ ಅನೇಕ ಕಡೆ ಒಬ್ಬ ಪ್ರೊಫೆಸರ್ ಮೊದಲು ಮಾರ್ಗದರ್ಶಕರಾಗಲು ಒಪ್ಪಬೇಕು. ವಿದ್ಯಾರ್ಥಿಗೆ ಕೊಡುವ ಹಣದಲ್ಲಿ ಅನೇಕ ಸಲ ದೊಡ್ಡ ಪಾಲು ಅವರು ತಮ್ಮ ಸಂಶೋಧನೆಗೆಂದು ಪಡೆದ ಅನುದಾನದಿಂದ ಬರುತ್ತದೆ. ಬಡತನ ಓದಿ ಅವರ ಮನಸ್ಸು ಕರಗಬಹುದು, ಆದರೂ ಅವರು ನೋಡುವುದು ಈ ಹುಡುಗಿ ನನ್ನ ಕೆಲಸಕ್ಕೆ ಆಗುತ್ತಾಳೆಯೇ ಎಂದು. (ಬರೀ ಪಾಠ ಕೇಳಿ ಪರೀಕ್ಷೆ ಬರೆಯುವ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಈ ಹಣವೂ ಇಲ್ಲ. ಸಾಲ ಮಾಡುವ ಮುಂಚೆ ಯಾವ ಕೋರ್ಸು ಎಂದು ಕೇಳಿ ತಿಳಿಯಿರಿ.)

ಅವಳು ಎಂ.ಎಸ್ಸಿ. ಪ್ರಾಜೆಕ್ಟಿಗೆ ಪಾವಗಡದ ಕಡೆ ಇಪ್ಪತ್ತನಾಲ್ಕು ಬೋರ್‌ವೆಲ್ ನೀರಿನ ಫ್ಲೋರೈಡ್ ಅಳೆದಿದ್ದಳು. ಆ ಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ! ಅಂತರ್ಜಲದ ಮೇಲೆ ಕೆಲಸ ಮಾಡುವ ಆರು ಜನರನ್ನಷ್ಟೇ ಆರಿಸಿಕೊಂಡು, ಒಬ್ಬೊಬ್ಬರ ಇತ್ತೀಚಿನ ಒಂದು ಲೇಖನ ಓದಿದಳು. ಹೊಸ ಪತ್ರದ ಮೊದಲ ಸಾಲಿನಲ್ಲೇ ಏನು ಅಳೆದೆ, ಯಾವ ಉಪಕರಣದಿಂದ ಎಂದು ಬರೆದಳು. ನಂತರ ಲೇಖನಕ್ಕೂ ತನ್ನ ಬಾವಿಗಳಿಗೂ ಇರುವ ಸಂಬಂಧ. ಕೊನೆಗೆ ಎರಡೇ ಪ್ರಶ್ನೆ: ಮುಂದಿನ ಸೆಪ್ಟೆಂಬರಿಗೆ ವಿದ್ಯಾರ್ಥಿಯನ್ನು ತೆಗೆದುಕೊಳ್ಳುತ್ತೀರಾ? ತೆಗೆದುಕೊಂಡರೆ ಹಣ ನಿಮ್ಮ ಅನುದಾನದಿಂದಲೇ, ಅಥವಾ ನಾನೇ ಫೆಲೋಶಿಪ್ ತರಬೇಕೇ? ಎಲ್ಲ ಸೇರಿ ಅರ್ಧ ಪುಟ, ಜೊತೆಗೆ ಸಿವಿ ಮತ್ತು ಅಂಕಪಟ್ಟಿ. ಕಳಿಸಿದ್ದು ಒಂದು ವರ್ಷ ಮೊದಲೇ, ಸೆಪ್ಟೆಂಬರಿನಲ್ಲಿ. ಎರಡು ವಾರ ಬಿಟ್ಟು ಒಂದೇ ಒಂದು ನೆನಪೋಲೆ.

ಮೂವರು ಉತ್ತರಿಸಿದರು. ಒಬ್ಬರು ಈ ವರ್ಷ ಹಣವಿಲ್ಲ ಎಂದರು. ಇನ್ನೊಬ್ಬರು "ವಿಭಾಗಕ್ಕೆ ಅರ್ಜಿ ಹಾಕಿ" ಎಂದರು. ಇದು ಸೌಜನ್ಯದ ಮಾತು, ಒಪ್ಪಿಗೆ ಅಂದುಕೊಳ್ಳಬೇಡಿ. ಮೂರನೆಯವರು ವಿಡಿಯೋ ಕರೆಯಲ್ಲಿ ಮಾತಾಡಿಸಿ ಒಪ್ಪಿಕೊಂಡರು.

ಅವಳ ತಂದೆ ಅಂದೇ ಸಿಹಿ ಹಂಚಲು ಹೊರಟರು. ಆಫರ್ ಪತ್ರ ಬರಲಿ, ತಡೆಯಿರಿ ಎಂದೆ. ಪತ್ರದಲ್ಲಿ ವರ್ಷಕ್ಕೆ 26,000 ಡಾಲರ್ ಅಂತಿತ್ತು. ಕೆಳಗೆ ಸಣ್ಣಕ್ಷರದಲ್ಲಿ, ಶುಲ್ಕವನ್ನು ಇದರಿಂದಲೇ ಕಟ್ಟಬೇಕು ಎಂದೂ ಇತ್ತು. ಶುಲ್ಕ 9,000 ಕಳೆದರೆ ಉಳಿದದ್ದು 17,000, ಅಂದರೆ ತಿಂಗಳಿಗೆ ಸುಮಾರು 1,400. ಬಾಡಿಗೆಗೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತಿತ್ತು. ಸಂಕೋಚಪಡದೆ ಕೇಳು ಅಂದೆ. ಕೇಳಿದಳು. ಲ್ಯಾಬ್ ತರಗತಿಗಳಲ್ಲಿ ಸಹಾಯಕಿಯ ಕೆಲಸ ಕೊಡುವುದಾಗಿಯೂ, ಅದರ ಸಂಬಳ ಬೇರೆಯೇ ಎಂದೂ ಪತ್ರದಲ್ಲಿ ಸೇರಿಸಿ ಕಳಿಸಿದರು. ಆಮೇಲೆ ಅವಳ ತಂದೆ ಸಿಹಿ ತಂದರು.