ಸ್ಕೋರ್ ಪುಸ್ತಕದ ತಾಳೆ ಲೆಕ್ಕ



ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಲೆಕ್ಕ ಬರೆಯುವವರನ್ನು ನೀವು ನೋಡಿರಬಹುದು. ಒಳಗೆ ಬಂದ ಭತ್ತದ ಚೀಲಕ್ಕೆ ಒಂದು ಕಡೆ, ಹೊರಗೆ ಹೋದ ಮಾಲಿಗೆ ಇನ್ನೊಂದು ಕಡೆ ಬರೆದು, ಸಂಜೆ ಎರಡನ್ನೂ ತಾಳೆ ನೋಡುತ್ತಾರೆ. ಕ್ರಿಕೆಟ್ಟಿನ ಸ್ಕೋರ್ ಪುಸ್ತಕವೂ ಇಂಥದೇ ಒಂದು ಜಮಾಖರ್ಚಿನ ಪುಸ್ತಕ. ಅದರಲ್ಲಿ ಪ್ರತಿಯೊಂದು ರನ್ನನ್ನೂ ಒಂದಕ್ಕಿಂತ ಹೆಚ್ಚು ಕಡೆ ಬರೆಯುತ್ತೇವೆ. ಏಕೆ ಹಾಗೆ, ಬರೆಯುವ ಬಗೆ ಹೇಗೆ, ತಪ್ಪನ್ನು ಹಿಡಿಯುವುದು ಹೇಗೆ ಎಂಬುದನ್ನು ಇಂದು ನೋಡೋಣ.

ಪುಸ್ತಕದ ಪುಟವನ್ನು ಬಿಡಿಸಿದರೆ ಮೇಲ್ಭಾಗದಲ್ಲಿ ದಾಂಡಿಗರ ಹೆಸರುಗಳು, ಪ್ರತಿ ಹೆಸರಿನ ಮುಂದೆ ಒಂದು ಉದ್ದನೆಯ ಸಾಲು. ಅದರ ಕೆಳಗೆ ‘ಇತರೆ’ ರನ್‌ಗಳಿಗೆ, ಅಂದರೆ ಬೈ, ಲೆಗ್ ಬೈ, ವೈಡ್ ಮತ್ತು ನೋಬಾಲ್‌ಗಳಿಗೆ, ನಾಲ್ಕು ಸಾಲು. ಇನ್ನೂ ಕೆಳಗೆ ಬೌಲರುಗಳ ಹೆಸರು. ಅವರ ಒಂದೊಂದು ಓವರಿಗೆ ಒಂದೊಂದು ಚೌಕ. ಪಕ್ಕದಲ್ಲಿ 1, 2, 3 ಎಂದು ಅಚ್ಚಾದ ಅಂಕಿಗಳ ಸಾಲು ಇರುತ್ತದೆ. ತಂಡಕ್ಕೆ ರನ್ ಬಂದಂತೆಲ್ಲ ಅವುಗಳನ್ನು ಹೊಡೆದುಹಾಕುತ್ತಾ ಹೋಗಬೇಕು. ದಾಂಡಿಗ ಎರಡು ರನ್ ಗಳಿಸಿದನೆನ್ನಿ. ಅವನ ಸಾಲಿನಲ್ಲಿ 2, ಬೌಲರನ ಚೌಕದಲ್ಲಿ 2, ಮೊತ್ತದಲ್ಲಿ ಎರಡು ಅಂಕಿಗಳಿಗೆ ಗೀಟು. ಹೀಗೆ ಮೂರು ಕಡೆ ಬರೆದ ಮೇಲೆಯೇ ಆ ಚೆಂಡಿನ ಕೆಲಸ ಮುಗಿಯಿತು.

ಈಗ ಚಿಹ್ನೆಗಳು. ರನ್ ಬಾರದ ಚೆಂಡಿಗೆ ಚುಕ್ಕೆ. ವಿಕೆಟ್ಟಿಗೆ ಇಂಗ್ಲಿಷಿನ ಡಬ್ಲ್ಯು ಅಕ್ಷರ. ವೈಡಿಗೆ ಕೂಡಿಸುವ ಚಿಹ್ನೆ. ನೋಬಾಲಿಗೆ ವೃತ್ತ, ಆ ಚೆಂಡಿನಲ್ಲಿ ಬ್ಯಾಟಿನಿಂದ ರನ್ ಬಂದರೆ ಅದನ್ನು ವೃತ್ತದ ಒಳಗೆ ಬರೆಯಬೇಕು. ಬೈಗೆ ನೆಟ್ಟಗೆ ನಿಂತ ತ್ರಿಕೋನ, ಲೆಗ್ ಬೈಗೆ ತಲೆಕೆಳಗಾದ ತ್ರಿಕೋನ. ಒಳಗೆ ಓಡಿದ ರನ್ನಿನ ಸಂಖ್ಯೆ.

ಚೆಂಡು ಬ್ಯಾಟಿಗೆ ತಾಗಿತೋ ಕಾಲಿಗೆ ತಾಗಿತೋ ಎಂಬುದು ಗಡಿಗೆರೆಯಾಚೆ ಕುಳಿತ ಸ್ಕೋರರನ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಅಂಪೈರನ ಸಂಜ್ಞೆಗಾಗಿ ಕಾಯಬೇಕು. ತೆರೆದ ಕೈಯನ್ನು ತಲೆಯ ಮೇಲೆ ಎತ್ತಿದರೆ ಬೈ. ಮೊಣಕಾಲನ್ನು ಎತ್ತಿ ಮುಟ್ಟಿಕೊಂಡರೆ ಲೆಗ್ ಬೈ. ಒಂದು ತೋಳನ್ನು ಅಡ್ಡಲಾಗಿ ಚಾಚಿದರೆ ನೋಬಾಲ್, ಎರಡನ್ನೂ ಚಾಚಿದರೆ ವೈಡ್. ಪ್ರತಿ ಸಂಜ್ಞೆಗೂ ನೀವು ಕೈಯೆತ್ತಿ ‘ಕಂಡೆ’ ಎಂದು ತಿಳಿಸಬೇಕು. ಇದು ಆಟದ ನಿಯಮವೇ ಆಗಿದೆ.

ಒಂದು ಓವರನ್ನು ಬರೆದು ನೋಡೋಣ. ಕಾರಟಗಿಯಲ್ಲಿ ಎರಡು ಕ್ಲಬ್ಬುಗಳ ನಡುವೆ ಪಂದ್ಯ ನಡೆದಿದೆ, ನೀವು ಸ್ಕೋರರ್ ಎಂದಿಟ್ಟುಕೊಳ್ಳಿ. 4 ಓವರ್ ಮುಗಿದಿದೆ, ವಿಕೆಟ್ ನಷ್ಟವಿಲ್ಲದೆ 23 ರನ್. ಇಬ್ಬರೂ ದಾಂಡಿಗರನ್ನು ‘ಅ’ ಮತ್ತು ‘ಬ’ ಎನ್ನೋಣ. ಐದನೆಯ ಓವರಿಗೆ ಹೊಸ ಬೌಲರ್ ಬಂದಿದ್ದಾನೆ. ‘ಅ’ ಚೆಂಡನ್ನು ಎದುರಿಸುತ್ತಿದ್ದಾನೆ.

ಮೊದಲ ಚೆಂಡು, ರನ್ ಇಲ್ಲ: ಚುಕ್ಕೆ. ಎರಡನೆಯದಕ್ಕೆ ‘ಅ’ ಒಂದು ರನ್ ಓಡಿದ. ಈಗ ‘ಬ’ ಎದುರಿಗೆ ಬಂದ. ಮುಂದಿನ ಎಸೆತ ವೈಡ್: ಕೂಡಿಸುವ ಚಿಹ್ನೆ. ಅದರ ನಂತರದ ಚೆಂಡು ‘ಬ’ನನ್ನೂ ಕೀಪರನನ್ನೂ ದಾಟಿತು, ಒಂದು ಬೈ: ತ್ರಿಕೋನದೊಳಗೆ 1. ಮತ್ತೆ ‘ಅ’ ಎದುರಿಗೆ. ಆಮೇಲೆ ನೋಬಾಲ್, ಅದನ್ನು ‘ಅ’ ಬೌಂಡರಿಗೆ ಅಟ್ಟಿದ: ವೃತ್ತದೊಳಗೆ 4. ನಂತರ ಒಂದು ಲೆಗ್ ಬೈ: ತಲೆಕೆಳಗಾದ ತ್ರಿಕೋನದೊಳಗೆ 1. ಈಗ ‘ಬ’ ಎರಡು ರನ್ ಗಳಿಸಿದ. ಕೊನೆಯ ಚೆಂಡಿಗೆ ‘ಬ’ ಬೌಲ್ಡ್: ಡಬ್ಲ್ಯು.

ಚೌಕದಲ್ಲಿ ಎಂಟು ಗುರುತುಗಳಿವೆ. ವೈಡ್ ಮತ್ತು ನೋಬಾಲ್ ಓವರಿನ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಅವೆರಡನ್ನು ಬಿಟ್ಟರೆ ಸರಿಯಾಗಿ ಆರು ಚೆಂಡು.

ಇನ್ನು ತಾಳೆ ನೋಡೋಣ. ದಾಂಡಿಗರ ಕಡೆ: ‘ಅ’ 5, ‘ಬ’ 2, ಒಟ್ಟು 7. ಇತರೆ: ನಾಲ್ಕು ಬಗೆಯಲ್ಲೂ ಒಂದೊಂದು, ಒಟ್ಟು 4. ಎರಡೂ ಸೇರಿ 11. ಬೌಲರನ ಕಡೆ: ಬ್ಯಾಟಿನಿಂದ ಬಂದ 7, ವೈಡಿನ 1, ನೋಬಾಲಿನ 1, ಒಟ್ಟು 9. ಬೈ ಮತ್ತು ಲೆಗ್ ಬೈ ಬೌಲರನ ತಪ್ಪಲ್ಲವಾದ್ದರಿಂದ ಅವು ಅವನ ಖಾತೆಗೆ ಬರುವುದಿಲ್ಲ. ಆ ಎರಡನ್ನು ಹೊರಗಿನಿಂದ ಕೂಡಿಸಿದರೆ 9 ಮತ್ತು 2, ಅಲ್ಲಿಯೂ 11. ಮೊತ್ತದ ಗೀಟು 34ಕ್ಕೆ ಬಂದು ನಿಂತಿದ್ದರೆ ಲೆಕ್ಕ ಸರಿ.

ತಾಳೆಯಾಗದಿದ್ದರೆ ಕೊರತೆಯೇ ದಾರಿ ತೋರಿಸುತ್ತದೆ. ಬೌಲರನ ಕಡೆ ಕಡಿಮೆ ಬಂದರೆ ವೈಡನ್ನೋ ನೋಬಾಲನ್ನೋ ‘ಇತರೆ’ಗೆ ಬರೆದು ಬೌಲರನಿಗೆ ಸೇರಿಸುವುದು ಬಿಟ್ಟುಹೋಗಿರಬಹುದು. ಹೆಚ್ಚು ಬಂದರೆ ತ್ರಿಕೋನದೊಳಗಿನ ರನ್ನನ್ನು ಬೌಲರನ ತಲೆಗೆ ಕಟ್ಟಿರಬಹುದು. ಇದನ್ನು ಓವರ್ ಮುಗಿದ ಕೂಡಲೇ, ಎದುರು ತಂಡದ ಸ್ಕೋರರನೊಡನೆ ನೋಡಿಕೊಳ್ಳಬೇಕು. ಇಪ್ಪತ್ತು ಓವರ್ ಮುಗಿದ ಮೇಲೆ ಹುಡುಕಹೊರಟರೆ ಆ ಒಂದು ರನ್ ಸಿಕ್ಕುವುದು ಕಷ್ಟ; ಪಂದ್ಯದ ಅಂತರವೂ ಆ ಒಂದೇ ರನ್ ಆಗಿದ್ದರೆ ಜಗಳ ಖಂಡಿತ.

ಆದರೆ ಈ ತಾಳೆಯ ಕೈಗೂ ಸಿಗದ ತಪ್ಪೊಂದಿದೆ. ‘ಅ’ ಹೊಡೆದ ನಾಲ್ಕನ್ನು ‘ಬ’ನ ಸಾಲಿಗೆ ಬರೆದಿರೆನ್ನಿ. ಆಗ ‘ಅ’ 1, ‘ಬ’ 6. ಒಟ್ಟು ಆಗಲೂ 7. ಎಲ್ಲ ಮೊತ್ತವೂ ಕೂಡಿಬರುತ್ತದೆ, ಹುಡುಗನೊಬ್ಬನ ನಾಲ್ಕು ರನ್ ಮಾತ್ರ ಇನ್ನೊಬ್ಬನ ಪಾಲಾಗುತ್ತದೆ. ಮುಂದಿನ ಪಂದ್ಯಕ್ಕೆ ತಂಡ ಆರಿಸುವವರು ನೋಡುವುದು ಈ ಪುಸ್ತಕವನ್ನೇ. ಇಂಥ ತಪ್ಪನ್ನು ಹಿಡಿಯಲು ಚೌಕವನ್ನು ಎಡದಿಂದ ಬಲಕ್ಕೆ ಓದಿ. ಒಂದು ರನ್ನಿಗೆ ‘ಬ’ ಎದುರಿಗೆ ಬಂದ. ವೈಡಿಗೆ ಅವರು ಓಡಲಿಲ್ಲ, ತುದಿ ಬದಲಾಗಲಿಲ್ಲ. ಒಂದು ಬೈಗೆ ‘ಅ’ ಮರಳಿ ಬಂದ. ಹಾಗಾದರೆ ನಾಲ್ಕು ಹೊಡೆದವನು ‘ಅ’ನೇ. ತ್ರಿಕೋನದೊಳಗಿನ ಆ ಸಣ್ಣ 1 ಇಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ.

ಕ್ಲಬ್ ಪಂದ್ಯದ ಈ ಲೆಕ್ಕವೇ ಟೆಸ್ಟ್ ಪಂದ್ಯಕ್ಕೂ ಅನ್ವಯಿಸುತ್ತದೆ. 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಪಡೆದರು. ಆ ಇನ್ನಿಂಗ್ಸ್‌ನಲ್ಲಿ ದಾಂಡಿಗರೆಲ್ಲ ಸೇರಿ ಗಳಿಸಿದ್ದು 178, ಇತರೆ 29, ಮೊತ್ತ 207. ಬೌಲರುಗಳು ಕೊಟ್ಟ ರನ್‌ಗಳನ್ನು ಕೂಡಿಸಿ: ಕುಂಬ್ಳೆ 74, ಶ್ರೀನಾಥ್ 50, ಹರಭಜನ್ 51, ವೆಂಕಟೇಶ ಪ್ರಸಾದ್ 15. ಒಟ್ಟು 190. 207ಕ್ಕೆ 17 ಕಡಿಮೆ! ಎಲ್ಲಿ ಹೋದವು ಆ 17 ರನ್? ‘ಇತರೆ’ಯ ಸಾಲುಗಳನ್ನು ನೋಡಿ: ಬೈ 15, ಲೆಗ್ ಬೈ 2. ಅಲ್ಲಿಗೆ ಲೆಕ್ಕ ಕೂಡಿಬಂತು. ಉಳಿದ 12, ಅಂದರೆ ವೈಡ್ 2, ನೋಬಾಲ್ 10, ಬೌಲರುಗಳ ಖಾತೆಯಲ್ಲಿ ಆಗಲೇ ಸೇರಿವೆ.

ನಾಳೆ ಪತ್ರಿಕೆಯಲ್ಲಿ ಬಂದ ಯಾವುದಾದರೂ ಸ್ಕೋರ್ ಪಟ್ಟಿಯನ್ನು ತೆಗೆದುಕೊಂಡು, ಪೆನ್ಸಿಲ್ ಹಿಡಿದು, ಹೀಗೆಯೇ ಎರಡೂ ಕಡೆ ಕೂಡಿಸಿ ನೋಡಿ. ವ್ಯತ್ಯಾಸ ಬಂದರೆ ಮೊದಲು ಹುಡುಕಬೇಕಾದದ್ದು ಬೈ ಮತ್ತು ಲೆಗ್ ಬೈಗಳ ಸಾಲಿನಲ್ಲಿ.