ಗಂಡನ ಮಾತು, ಹೆಂಡತಿಯ ದೂರು



1944ರಲ್ಲಿ ಜರ್ಮನಿಯ ಸೈನಿಕನೊಬ್ಬ ರಜೆಯ ಮೇಲೆ ಮನೆಗೆ ಬಂದಿದ್ದ. ಹೆಂಡತಿಯ ಮುಂದೆ ಹಿಟ್ಲರನನ್ನು ಬೈದ. ಅಷ್ಟರಲ್ಲಾಗಲೇ ಅವಳಿಗೆ ಗಂಡ ಬೇಡವಾಗಿದ್ದ. ಅವನಾಡಿದ್ದನ್ನೆಲ್ಲ ಹೋಗಿ ಅಧಿಕಾರಿಗಳಿಗೆ ಹೇಳಿದಳು. 1934 ಮತ್ತು 1938ರ ಎರಡು ಕಾನೂನುಗಳ ಅಡಿಯಲ್ಲಿ ಸೇನಾ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ಆದರೆ ಗಲ್ಲಿಗೇರಿಸದೆ ಯುದ್ಧಭೂಮಿಗೆ ಕಳಿಸಿದರು. 1949ರಲ್ಲಿ ಆ ಹೆಂಡತಿಯೇ ಕಟಕಟೆ ಹತ್ತಬೇಕಾಯಿತು. ಒಬ್ಬರ ಸ್ವಾತಂತ್ರ್ಯವನ್ನು ಅಕ್ರಮವಾಗಿ ಕಸಿದಳೆಂಬುದು ಆರೋಪ. 1871ರಷ್ಟು ಹಳೆಯ ಜರ್ಮನ್ ದಂಡಸಂಹಿತೆಯಲ್ಲೇ ಇದ್ದ ಅಪರಾಧ ಅದು.

ಅವಳ ಉತ್ತರ ಸರಳವಾಗಿತ್ತು. ತಾನು ದೂರು ಕೊಟ್ಟಿದ್ದು ಅಂದಿನ ಕಾನೂನಿನ ಪ್ರಕಾರ, ಹಾಗಾದರೆ ಅಕ್ರಮ ಎಲ್ಲಿ?

ನ್ಯಾಯಶಾಸ್ತ್ರದ ಹಳೆಯ ಜಗಳವೊಂದು ಈ ಪ್ರಶ್ನೆಯೊಳಗೇ ಅಡಗಿದೆ. ತೀರಾ ಅನ್ಯಾಯದ ಶಾಸನ ಕಾನೂನೇ ಅಲ್ಲ ಎನ್ನುತ್ತದೆ ನೈಸರ್ಗಿಕ ಕಾನೂನು ಪಂಥ. ಪಾಸಿಟಿವಿಸ್ಟರು ಒಪ್ಪುವುದಿಲ್ಲ: ಅಧಿಕಾರವುಳ್ಳವರು ಕ್ರಮಬದ್ಧವಾಗಿ ಮಾಡಿದ್ದರೆ ಅದು ಕಾನೂನು, ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆಯೇ ವಿಚಾರ. ವೈಮರ್ ಗಣರಾಜ್ಯದಲ್ಲಿ ನ್ಯಾಯಮಂತ್ರಿಯಾಗಿದ್ದು, 1933ರಲ್ಲಿ ನಾಜಿಗಳಿಂದಾಗಿ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡ ಗುಸ್ತಾವ್ ರಾಡ್‌ಬ್ರುಖ್ 1946ರಲ್ಲಿ ನಡುವಿನ ದಾರಿಯೊಂದನ್ನು ತೋರಿಸಿದರು. ಅವರ ಪ್ರಕಾರ ಅನ್ಯಾಯದ ಶಾಸನವನ್ನೂ ಸಾಮಾನ್ಯವಾಗಿ ಪಾಲಿಸಬೇಕು. ಅನ್ಯಾಯ ಸಹಿಸಲಾರದ ಮಟ್ಟ ಮುಟ್ಟಿದಾಗ ಮಾತ್ರ ಅದು ನ್ಯಾಯಕ್ಕೆ ಜಾಗ ಬಿಡಬೇಕು.

ಆಕ್ಸ್‌ಫರ್ಡಿನ ಎಚ್.ಎಲ್.ಎ. ಹಾರ್ಟ್ 1957ರಲ್ಲಿ ಹಾರ್ವರ್ಡಿಗೆ ಬಂದು ಉಪನ್ಯಾಸ ಕೊಟ್ಟಾಗ ಇದೇ ಹೆಂಡತಿಯ ಪ್ರಕರಣವನ್ನು ಎತ್ತಿಕೊಂಡರು. ನಾಜಿ ಕಾನೂನು ಕಾನೂನೇ ಆಗಿರಲಿಲ್ಲ ಎಂದುಬಿಟ್ಟರೆ ಕಷ್ಟದ ಆಯ್ಕೆಯೊಂದನ್ನು ಮುಚ್ಚಿಟ್ಟಂತೆ ಎನ್ನುವುದು ಅವರ ಆಕ್ಷೇಪ. ಅವಳನ್ನು ಬಿಟ್ಟುಬಿಡಬಹುದು. ಇಲ್ಲವೇ ಪೂರ್ವಾನ್ವಯವಾಗುವ ಹೊಸ ಶಾಸನ ಮಾಡಿ, ಒಂದು ಕೆಡುಕನ್ನು ತಪ್ಪಿಸಲು ಇನ್ನೊಂದು ಕೆಡುಕು ಮಾಡುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳಿಯೇ ಶಿಕ್ಷಿಸಬಹುದು. ಪಾಸಿಟಿವಿಸ್ಟರಿಗೆ ನೀತಿಯ ಪರಿವೆ ಇಲ್ಲ ಎನ್ನುವವರು ಹಾರ್ಟರ ಈ ವಾದವನ್ನು ಓದಿದ್ದಾರೆಯೇ ಎಂದು ಅನುಮಾನ ಬರುತ್ತದೆ.

ಹಾರ್ವರ್ಡಿನ ಲಾನ್ ಫುಲ್ಲರ್ 1958ರಲ್ಲಿ ಕೊಟ್ಟ ಉತ್ತರ ಇನ್ನೊಂದು ದಿಕ್ಕಿನಿಂದ ಬಂತು. ಅವರು ಶಾಸನಗಳ ಪಠ್ಯವನ್ನೇ ಬಿಡಿಸಿ ನೋಡಿದರು. 1938ರ ಶಾಸನ ಹೇಳಿದ್ದು ಸಾರ್ವಜನಿಕವಾಗಿ ಆಡಿದ ಮಾತಿನ ಬಗ್ಗೆ. 1934ರದ್ದು ಖಾಸಗಿ ಮಾತನ್ನೂ ಹಿಡಿಯುತ್ತಿತ್ತು, ಆದರೆ ಅದು ಜನರ ಕಿವಿಗೆ ಬೀಳುತ್ತದೆ ಎಂದು ಆಡಿದವನಿಗೆ ಗೊತ್ತಿದ್ದರೆ ಅಥವಾ ಗೊತ್ತಿರಬೇಕಿದ್ದರೆ ಮಾತ್ರ. ಮನೆಯೊಳಗೆ ಹೆಂಡತಿಗೆ ಆಡಿದ ಮಾತು ಇದರಲ್ಲಿ ಯಾವುದಕ್ಕೆ ಸೇರುತ್ತದೆ? ರಹಸ್ಯ ಆದೇಶಗಳು, ಹಿಂದಿನಿಂದ ಅನ್ವಯವಾಗುವ ಶಾಸನಗಳು, ಪಠ್ಯವನ್ನು ಮನಬಂದಂತೆ ಹಿಗ್ಗಿಸುವ ನ್ಯಾಯಾಧೀಶರು ತುಂಬಿದ್ದ ವ್ಯವಸ್ಥೆಯನ್ನು ಕಾನೂನು ಎನ್ನುವುದಾದರೂ ಹೇಗೆ ಎಂದು ಫುಲ್ಲರ್ ಕೇಳಿದರು.

ಇಲ್ಲೊಂದು ತಮಾಷೆಯಿದೆ. ಇಬ್ಬರೂ ನಂಬಿದ್ದು ಹಾರ್ವರ್ಡ್ ಲಾ ರಿವ್ಯೂನ ಒಂದು ವರದಿಯನ್ನು. ನಾಜಿ ಶಾಸನವನ್ನು ನ್ಯಾಯಾಲಯ ಅಸಿಂಧು ಎಂದಿತೆಂದು ಅದು ಬರೆದಿತ್ತು. ಅವಳ ಪ್ರಕರಣದ ತೀರ್ಪು ಕೊಟ್ಟ ಬಾಂಬೆರ್ಗ್ ಮೇಲ್ಮನವಿ ನ್ಯಾಯಾಲಯ ಹಾಗೆ ಹೇಳಿರಲೇ ಇಲ್ಲ. ಶಾಸನ ಎಷ್ಟೇ ಕ್ರೂರವಾಗಿದ್ದರೂ ಸಿಂಧುವೇ ಎಂದಿತ್ತು. ದೂರು ಕೊಡಲೇಬೇಕೆಂದು ಆ ಶಾಸನ ಯಾರನ್ನೂ ಕಟ್ಟಿಹಾಕಿರಲಿಲ್ಲವಾದ್ದರಿಂದ, ದ್ವೇಷದಿಂದ ದೂರು ಕೊಟ್ಟವಳನ್ನೇ ಹೊಣೆ ಮಾಡಿತ್ತು. 1960ರಲ್ಲಿ ಪಾಪ್ಪೆ ಎಂಬ ವಿದ್ವಾಂಸರು ಮೂಲ ತೀರ್ಪನ್ನು ಓದಿ ಇದನ್ನು ಬಯಲಿಗೆಳೆದರು. ಶತಮಾನದ ಹೆಸರಾಂತ ವಾದ ನಡೆದದ್ದು ನಡೆಯದೇ ಇದ್ದ ತೀರ್ಪಿನ ಮೇಲೆ!

ಹಾಗೆಂದು ಪ್ರಶ್ನೆ ಸುಳ್ಳಾಗಲಿಲ್ಲ. ನಮ್ಮ ದೇಶದಲ್ಲೂ ಅದು ಎದುರಾಯಿತು. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದ ವಾಜಪೇಯಿ, ಅಡ್ವಾಣಿ ಮೊದಲಾದವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ದರು. ಬೇರೆ ಹೈಕೋರ್ಟುಗಳ ಇಂಥವೇ ಪ್ರಕರಣಗಳೊಂದಿಗೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸನೊಬ್ಬ ವೈಯಕ್ತಿಕ ಹಗೆಯಿಂದ ಯಾರನ್ನಾದರೂ ಕೊಂದರೂ ಪರಿಹಾರ ಇಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತಮ್ಮ ವಾದದ ಪ್ರಕಾರ ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲ ಎಂದರು ಅಟಾರ್ನಿ ಜನರಲ್ ನಿರೇನ್ ಡೇ. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. 21ನೇ ವಿಧಿ ಅಮಾನತಾದರೂ ಕಾನೂನಿನ ಬೆಂಬಲವಿಲ್ಲದೆ ಜೀವ ತೆಗೆಯುವ ಅಧಿಕಾರ ಸರ್ಕಾರಕ್ಕೆ ಸಿಗುವುದಿಲ್ಲ ಎಂದು ಖನ್ನಾ ಒಬ್ಬರೇ ಬರೆದರು. ಇದು ನೈಸರ್ಗಿಕ ಕಾನೂನಿನ ಘೋಷಣೆಯಷ್ಟೇ ಅಲ್ಲ. ಬಾಂಬೆರ್ಗಿನಂತೆ, ಕಾನೂನನ್ನು ಗಮನವಿಟ್ಟು ಓದಿದವರ ತರ್ಕ. 1977ರ ಜನವರಿಯಲ್ಲಿ ಖನ್ನಾ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು, ಖನ್ನಾ ರಾಜೀನಾಮೆ ಕೊಟ್ಟರು.

ಬಹುಮತದ ಆ ತೀರ್ಪು ರದ್ದಾಗಲು 2017 ಬರಬೇಕಾಯಿತು. ರದ್ದು ಮಾಡಿದ್ದು ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.